ಅಜ್ಜಿಯ ಸೀರೆಯ ನೀಲಿ

ನೇತ್ರಕ್ಕನ ಧಾರೆ ಸೀರೆ ಇಳಕಲ್ಲಿನಲ್ಲಿ ನೇಯಬೇಕಿತ್ತು. ಬಣ್ಣ ಯಾವುದು ಅಂತ ಆ ರಾತ್ರಿಯೇ ಫೋಟೋ ಕಳಿಸಿ ಎಂದು ನೇಕಾರರು ಹೇಳಿದ್ದರು. ಬೆಳಗ್ಗೆ ನೂಲು ಬಣ್ಣಕ್ಕೆ ಹೋಗುತ್ತದೆ.

ಬೇಕಿದ್ದದ್ದು ಅಜ್ಜಿಯ ಮದುವೆ ಸೀರೆಯ ಬಣ್ಣ. ಅಜ್ಜಿ ಇಲ್ಲ, ಸೀರೆಯೂ ಇಲ್ಲ. ಇದ್ದ ಎರಡು ಫೋಟೋಗಳೂ ಕಪ್ಪು ಬಿಳುಪು. ಹಾಗಾಗಿ ಎಐನಲ್ಲಿ ಚಿತ್ರ ಮಾಡಿಸಲು ನಾವಿಬ್ಬರೂ ಒಂದೊಂದು ಫೋನ್ ಹಿಡಿದು ಕೂತೆವು.

ಅಕ್ಕ ಬರೆದ ಪ್ರಾಂಪ್ಟ್: ‘ನವಿಲು ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು, ಮದುವೆ ಮಂಟಪ.’ ಮಿರಮಿರ ನೀಲಿ ಬಂತು. ಅಂಚಿನ ತುಂಬಾ ನವಿಲುಗರಿಯೂ ಬಂತು.

ನಾನು ಬರೆದದ್ದು: ‘ಹಾಸು ಕಡು ನೀಲಿ, ಹೊಕ್ಕು ಹಸಿರು. ನೆರಿಗೆಯಲ್ಲಿ ಬಣ್ಣ ಬದಲಾಗಲಿ. ಬೆಳಗಿನ ಬಿಸಿಲು.’ ನನ್ನದು ತಣ್ಣಗಿತ್ತು. ಮಡಿಕೆ ಇದ್ದಲ್ಲೆಲ್ಲ ಹಸಿರು ಇಣುಕುತ್ತಿತ್ತು.

“ಇದೇ ಖರೆ ಬಣ್ಣ,” ಅಂದೆ.

“ಇದು ತೊಳೆದು ತೊಳೆದು ಹೋದ ಸೀರೆ ಆತಲ್ಲೇ. ಅಜ್ಜಿದು ಹೊಳಿತಿತ್ತು.”

“ನಿನ್ನದು ಅಂಗಡಿ ಬೊಂಬಿ ಉಟ್ಟಂಗ ಐತಿ!”

ಕಳಿಸು, ನನ್ನ ಫೋನಲ್ಲಿ ನೋಡುತ್ತೇನೆ ಅಂದಳು. ಅಲ್ಲಿ ನನ್ನ ಚಿತ್ರ ಹಳದಿಗೆ ತಿರುಗಿತ್ತು. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಅವಳು ಹಾಕಿಕೊಂಡ ಸೆಟ್ಟಿಂಗ್ ಅದು. ತೆಗೆಸಿದೆ. ಆದರೂ ಅವಳು ಒಪ್ಪಲಿಲ್ಲ.

“ನೀ ಎಲ್ಲಿ ನೋಡಿದ್ದಿ ಆ ಸೀರಿ?” ಅಂತ ಕೇಳಿದೆ.

“ದೀಪಾವಳಿ ರಾತ್ರಿ. ಅಜ್ಜಿ ಹಣತಿ ಹಚ್ಚೂವಾಗ. ನೀನು?”

“ಹಿತ್ತಲದಾಗ, ಹಗ್ಗದ ಮ್ಯಾಲೆ. ನೆರಳಿಗೆ ಹಾಕ್ತಿದ್ದಳು.”

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗಿಂದ ಅವ್ವ ಕೂಗಿದಳು. “ಆ ಸೀರಿ ಕೌದ್ಯಾಗ ಐತಲ್ರೇ!”

ನಾನು ದಿನಾ ಹೊದ್ದು ಮಲಗುವ ಕೌದಿ. ಮೂಲೆಯ ತುಂಡೊಂದು ಬೂದಿ ಬಣ್ಣಕ್ಕೆ ಬಂದಿತ್ತು. ನಮಗೆ ಗೊತ್ತೇ ಇರಲಿಲ್ಲ. ಅಕ್ಕ ಸೂಜಿಯಿಂದ ನಾಲ್ಕು ಹೊಲಿಗೆ ಬಿಚ್ಚಿದಳು, ಉಸಿರು ಬಿಗಿಹಿಡಿದು. ಒಳಗೆ ಮಡಚಿ ಹೊಲಿದಿದ್ದ ಬಟ್ಟೆ ಬೆರಳಗಲ ಇತ್ತು. ಅದಕ್ಕೆ ಬಿಸಿಲು ತಾಗಿರಲಿಲ್ಲ.

ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ನೀಲಿ. ಓರೆ ಮಾಡಿದರೆ ಹಸಿರು, ಎಳೆ ಗಿಳಿಯ ಹಸಿರು. ನನ್ನ ಚಿತ್ರದಲ್ಲಿ ಅಷ್ಟು ಹಸಿರು ಇರಲಿಲ್ಲ. ಅವಳದರಲ್ಲಿ ಹಸಿರೇ ಇರಲಿಲ್ಲ. ಆದರೆ ಹೊಳಪಿನ ವಿಷಯದಲ್ಲಿ ಅಕ್ಕ ಹೇಳಿದ್ದು ನಿಜ. ಅಷ್ಟು ವರ್ಷ ಕತ್ತಲಲ್ಲಿದ್ದರೂ ಅದು ಹೊಳೆಯುತ್ತಿತ್ತು.

ನನ್ನ ಪ್ರಾಂಪ್ಟಿನಲ್ಲಿ ‘ಹಸಿರು’ ಹಿಂದೆ ‘ಗಿಳಿ’ ಸೇರಿಸಿದೆ. ‘ಬೆಳಗಿನ ಬಿಸಿಲು’ ಅಳಿಸಿ ಅಕ್ಕ ‘ಹಣತೆ ಬೆಳಕು’ ಅಂತ ಬರೆದಳು. ಚಿತ್ರ ಬರುವ ಮೊದಲೇ ನೇಕಾರರಿಗೆ ಫೋನ್ ಮಾಡಿದಳು.

“ಅಣ್ಣಾ, ಬೆಳಿಗ್ಗೆ ಬಣ್ಣಕ್ಕ ಕಳಿಸಬ್ಯಾಡ್ರಿ. ಮೊದಲನೇ ಬಸ್ಸಿಗೆ ತುಂಡು ತಗೊಂಡು ನಾವ ಬರ್ತೀವಿ.”