49ಕ್ಕೆ ಆಲೌಟ್: ದುರ್ಗದಿಂದ ಬಂದ ಮೀಮ್‌ಗಳು

24 ಏಪ್ರಿಲ್ 2017, ದಾವಣಗೆರೆ

ರಾತ್ರಿ ನಿದ್ದೆ ಬರಲಿಲ್ಲ. ಈಡನ್ ಗಾರ್ಡನ್ಸ್‌ನಲ್ಲಿ ಕೆಕೆಆರ್ ಹೊಡೆದಿದ್ದು ಬರೀ 131. ನಮ್ಮ ಆರ್‌ಸಿಬಿ 49ಕ್ಕೆ ಆಲೌಟ್. ಒಬ್ಬರಾದರೂ ಎರಡಂಕಿ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದರೆ ಚಿತ್ರದುರ್ಗದ ಮಾವನ ಮಗ ಸಾಲಾಗಿ ಮೀಮ್ ಕಳಿಸಿದ್ದ.

ಕೋಟೆ ಫೋಟೋ: "ನಮ್ಮದು ಏಳು ಸುತ್ತಿನ ಕೋಟೆ. ನಿಮ್ಮದು ಹತ್ತು ಓವರ್ ಕೂಡ ನಿಲ್ಲದ ಕೋಟೆ."

ಒನಕೆ ಫೋಟೋ: "ಓಬವ್ವನಿಗೆ ಒಂದೇ ಒನಕೆ ಸಾಕಾಯ್ತು. ನಿಮಗೆ ಹನ್ನೊಂದು ಬ್ಯಾಟೂ ಸಾಲಲಿಲ್ಲ!"

ಕಾವಲಿ ಮೇಲೆ ಬೆಣ್ಣೆ ದೋಸೆ, ಅಂಚು ಇನ್ನೂ ಬಿಳಿ: "ತಿರುವಿ ಹಾಕೋಣ ಅಂತ ನೋಡಿದೆ, ಮ್ಯಾಚೇ ಮುಗಿದಿತ್ತು."

"ಪಾಪ, ಈ ಸಲ ಕಪ್ ಬೇಡ, ಒಂದು ಲೋಟ ಕೊಡಿ."

ಓಬವ್ವನದು ಚೆನ್ನಾಗಿತ್ತು, ನಿಜ ಹೇಳ್ತೀನಿ. ಲೋಟದ್ದು ಮಾತ್ರ ಚುಚ್ಚಿತು. ಹಾಗಾಗಿ ಹೀಗೆ ಬರೆದು ಕಳಿಸಿದೆ:

"ಮಾರಾಯ, 2013ರಲ್ಲೂ ಇದೇ ಏಪ್ರಿಲ್ 23. ಅವತ್ತು ಇದೇ ತಂಡ 263 ಹೊಡೆದಿತ್ತು. ಗೇಲ್ ಒಬ್ಬನೇ 175, ಅದೂ ಔಟಾಗದೆ. ಅವತ್ತು ನೀನೂ ಕುಣಿದಿದ್ದೆ, ಅಲ್ವಾ? ಸೋತರೂ ಇದು ನನ್ನ ತಂಡ. ಭಾನುವಾರ ಬಾ, ಮಂಡಕ್ಕಿ ಮಿರ್ಚಿ ನಾನೇ ಕೊಡಿಸ್ತೀನಿ."