ಬೆಡ್‌ಸೋರ್ ಗುಣವಾಗಲು ಆಹಾರ ಯೋಜನೆ

ರೋಗಿ: ಗಂಡಸು, 68 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ಬೆನ್ನಿನ ಕೆಳಗೆ 3ನೇ ಹಂತದ ಹುಣ್ಣು, ನೀರು ಜಾಸ್ತಿ ಸೋರುತ್ತಿದೆ. ಶುಗರ್ ಇಲ್ಲ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 0.9.

ತೂಕ 50 ಕೆ.ಜಿ. ಮೂರು ತಿಂಗಳ ಹಿಂದೆ 55 ಇತ್ತು, ಅಂದರೆ ಶೇ. 9 ಇಳಿದಿದೆ. ಇದು ತೀವ್ರ ಇಳಿಕೆ. ರಕ್ತದಲ್ಲಿರುವ ಪ್ರೋಟೀನ್ ಆಲ್ಬುಮಿನ್ 2.9 ಇದೆ, ಕಡಿಮೆ. ಸೋಂಕು, ಉರಿಯೂತ ಇದ್ದಾಗಲೂ ಅದು ಇಳಿಯುತ್ತದೆ. ಹಾಗಾಗಿ ತೂಕ ಮತ್ತು ಊಟವನ್ನೇ ನಂಬಿ ಲೆಕ್ಕ ಹಾಕಿದ್ದೇನೆ.

ಲೆಕ್ಕ
ಶಕ್ತಿ: ಕೆ.ಜಿ.ಗೆ 30–35 ಕಿಲೋಕ್ಯಾಲರಿಯಂತೆ 1500–1750. ಗುರಿ 1650.
ಪ್ರೋಟೀನ್: ಕೆ.ಜಿ.ಗೆ 1.25–1.5 ಗ್ರಾಂನಂತೆ 63–75 ಗ್ರಾಂ. ಗಾಯದ ನೀರಿನಲ್ಲೂ ಪ್ರೋಟೀನ್ ಹೋಗುತ್ತದೆ, ಕಿಡ್ನಿ ಚೆನ್ನಾಗಿದೆ. ಅದಕ್ಕೇ ಗುರಿ 72.
ನೀರು: ಸುಮಾರು 1650 ಮಿ.ಲೀ.

ಈಗ ತಿನ್ನುತ್ತಿರುವುದು ಗಂಜಿ, ತಿಳಿಸಾರು, ಚಹಾ. ಎಲ್ಲ ಸೇರಿ ಸುಮಾರು 1030 ಕಿಲೋಕ್ಯಾಲರಿ, 30 ಗ್ರಾಂ ಪ್ರೋಟೀನ್. ಕೊರತೆ 42 ಗ್ರಾಂ. ಶಕ್ತಿ ಸಾಲದಿದ್ದರೆ ದೇಹ ಪ್ರೋಟೀನನ್ನೇ ಉರಿಸಿಬಿಡುತ್ತದೆ, ಗಾಯಕ್ಕೆ ಉಳಿಯುವುದಿಲ್ಲ. ಆದ್ದರಿಂದ ಅನ್ನ, ಗಂಜಿ ಕಡಿಮೆ ಮಾಡುವುದು ಬೇಡ. ಅದರ ಜೊತೆಗೆ ಇವು ಸೇರಲಿ, ಆವರಣದಲ್ಲಿರುವುದು ಪ್ರೋಟೀನ್ ಲೆಕ್ಕ:

ಹಾಲು 500 ಮಿ.ಲೀ. (16 ಗ್ರಾಂ), ಎರಡು ಬೇಯಿಸಿದ ಮೊಟ್ಟೆ (12), ಮುಳ್ಳು ತೆಗೆದ ಬೆಂದ ಮೀನು 60 ಗ್ರಾಂ (12), ಗಂಜಿಗೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ (4). ಮೀನು ಸಿಗದ ದಿನ 50 ಗ್ರಾಂ ಹೆಸರುಬೇಳೆಯ ಗಟ್ಟಿ ತೊವ್ವೆ. ಸಾರಿನ ತಿಳಿ ಬಡಿಸಿ ಬೇಳೆ ತಳದಲ್ಲಿ ಬಿಟ್ಟರೆ ಪ್ರಯೋಜನವಿಲ್ಲ. ಹಲ್ಲಿಲ್ಲ, ಆದ್ದರಿಂದ ಎಲ್ಲ ಮೆತ್ತಗೆ. ಒಂದೇ ಸಲಕ್ಕೆ ಹೊಟ್ಟೆ ತುಂಬಿಸದೆ ದಿನಕ್ಕೆ ಆರು ಸಲ ಕೊಡಬೇಕು. ಮೂರ್ನಾಲ್ಕು ದಿನದಲ್ಲಿ ಮೆಲ್ಲಗೆ ಏರಿಸಿ.

ಜಿಂಕ್: ಗಂಡಸಿಗೆ ದಿನಕ್ಕೆ 17 ಮಿ.ಗ್ರಾಂ ಬೇಕು, ಊಟದಲ್ಲಿ ಅರ್ಧಕ್ಕಿಂತ ಕಡಿಮೆ ಸಿಗುತ್ತಿದೆ. 10 ಮಿ.ಗ್ರಾಂ ಜಿಂಕ್ ಇರುವ ಮಲ್ಟಿವಿಟಮಿನ್ ದಿನಕ್ಕೊಂದು ಸಾಕು, ಡಾಕ್ಟರ್ ಸಹಿ ಬೇಕು. 50 ಮಿ.ಗ್ರಾಂ ಮಾತ್ರೆ ಸುಮ್ನೆ ಬೇಡ. ಜಿಂಕ್ ಒಟ್ಟು 40 ದಾಟಿ ಬಹಳ ದಿನ ನಡೆದರೆ ದೇಹಕ್ಕೆ ತಾಮ್ರ ಸಿಗುವುದು ಕಡಿಮೆಯಾಗುತ್ತದೆ.

ವಿಟಮಿನ್ ಸಿ: ಕನಿಷ್ಠ 80 ಮಿ.ಗ್ರಾಂ. ಹಿತ್ತಿಲ ಸೀಬೆ ಹಣ್ಣು ಒಂದು, ಬೀಜ ತೆಗೆದು ಕಿವುಚಿ ಕೊಟ್ಟರೆ ದಾಟುತ್ತದೆ. ಬೇರೆ ಮಾತ್ರೆ ಬೇಕಿಲ್ಲ.

ಕಬ್ಬಿಣ: ಹಿಮೋಗ್ಲೋಬಿನ್ 9.8. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಉರಿಯೂತ ತೋರಿಸುವ ಸಿಆರ್‌ಪಿ ಎರಡೂ ನೋಡಿ ಡಾಕ್ಟರ್ ನಿರ್ಧರಿಸಲಿ. ಚಹಾ ಊಟಕ್ಕೆ ಒಂದು ಗಂಟೆ ಬಿಟ್ಟು.

ಸೊಸೆಯವರಿಗೆ: ಅವರು ತಿಂದಷ್ಟನ್ನು ಮಾತ್ರ ಬರೆದಿಡಿ, ಬಡಿಸಿದ್ದನ್ನಲ್ಲ. ಕಷ್ಟದ ಕೆಲಸ, ಗೊತ್ತು. ಆದರೆ ಮುಂದಿನ ಲೆಕ್ಕಕ್ಕೆ ಅದೇ ಆಧಾರ. ಮಗ್ಗುಲು ಬದಲಿಸುವುದು ನರ್ಸ್ ಹೇಳಿದಂತೆಯೇ ನಡೆಯಲಿ.

ಪರಿಶೀಲನೆ: ವಾರಕ್ಕೊಮ್ಮೆ ತೂಕ, ಆಗದಿದ್ದರೆ ತೋಳಿನ ಸುತ್ತಳತೆ. ಗಾಯದ ಉದ್ದ, ಅಗಲ, ಆಳ ನರ್ಸ್ ಬರೆಯುತ್ತಾರೆ. ಒಂದು ವಾರದಲ್ಲಿ ಪ್ರೋಟೀನ್ 60 ಗ್ರಾಂ ಮುಟ್ಟದಿದ್ದರೆ ಪ್ರೋಟೀನ್ ಪುಡಿ ಸೇರಿಸುತ್ತೇವೆ. ನಾಲ್ಕು ವಾರಕ್ಕೂ ಗಾಯ ಕುಗ್ಗದಿದ್ದರೆ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರುವ ಪೇಯದ ಬಗ್ಗೆ ಡಾಕ್ಟರ್ ಜೊತೆ ಮಾತಾಡುತ್ತೇನೆ. ಊಟ ನುಂಗುವಾಗ ಕೆಮ್ಮು ಬಂದರೆ ತಿನ್ನಿಸುವುದನ್ನು ನಿಲ್ಲಿಸಿ, ಅವತ್ತೇ ಫೋನ್ ಮಾಡಿ.