ವಿಷಯ: ಮನೆಯವರ ಗುಂಪಿನ ಫೋಟೋ DSC_4127, ಒಬ್ಬರನ್ನು ಬಿಟ್ಟು ಇನ್ನೊಂದು ಪ್ರತಿ ಬೇಕು

ಮಂಜುನಾಥ್ ಅವರಿಗೆ ನಮಸ್ಕಾರ.

ನಾನು ಸಿಂಧು. ಮೇ 11ರಂದು ಚಿಕ್ಕಮಗಳೂರಿನಲ್ಲಿ ನಡೆದ ನಮ್ಮ ಮದುವೆಯ ಫೋಟೋಗಳ ಪೆನ್ ಡ್ರೈವ್ ಅಪ್ಪನ ಕೈ ಸೇರಿದೆ. ಹೋದ ಭಾನುವಾರ ಹಾಸನದಿಂದ ನಾವಿಬ್ಬರೂ ಆಲ್ದೂರಿನ ಮನೆಗೆ ಹೋಗಿದ್ದೆವು. ಎಲ್ಲರೂ ಕುಳಿತು ಟಿವಿಗೆ ಹಾಕಿಕೊಂಡು ನೋಡಿದೆವು. ಧಾರೆಯ ಹೊತ್ತಿನಲ್ಲಿ ಅಪ್ಪನ ಕೈ ನಡುಗುತ್ತಿತ್ತು ಎಂಬುದು ನನಗೆ ಅಂದು ಗೊತ್ತೇ ಆಗಿರಲಿಲ್ಲ. ತೆಂಗಿನಕಾಯಿಯ ಮೇಲೆ ಬೀಳಬೇಕಾದ ಹಾಲು ಅಪ್ಪನ ಬೆರಳುಗಳ ಮೇಲೆ ಹರಿದಿರುವುದು ನಿಮ್ಮ ಫೋಟೋದಲ್ಲಿ ಕಾಣುತ್ತದೆ. ಅಮ್ಮ ಅದನ್ನು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದರು. ಅದಕ್ಕಾಗಿ ಮೊದಲು ನಿಮಗೆ ಧನ್ಯವಾದ ಹೇಳಬೇಕು.

ಈಗ ಒಂದು ಕೆಲಸ ಕೇಳುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಧಾರೆ ಮುಗಿದ ಮೇಲೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಮ್ಮ ಕಡೆಯವರನ್ನೆಲ್ಲ ನಿಲ್ಲಿಸಿ ತೆಗೆದ ಫೋಟೋ ಇದೆಯಲ್ಲ, DSC_4127, ಅದರಲ್ಲಿ ನೋಡುವವರ ಬಲಗಡೆಯಿಂದ ಮೂರನೆಯವರು, ಕಂದು ಬಣ್ಣದ ಸೂಟು ಹಾಕಿದವರು, ನನ್ನ ಅಕ್ಕನ ಗಂಡ. ಅವರು ಇಲ್ಲದ ಒಂದು ಪ್ರತಿ ನಮಗೆ ಬೇಕು.

ಕಾರಣ ಹೇಳದಿದ್ದರೆ ನಿಮಗೆ ಇದು ಹುಡುಗಾಟದಂತೆ ಕಾಣಬಹುದು. ಮದುವೆಗೆ ಎಂಟು ತಿಂಗಳ ಮೊದಲೇ ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಆ ಮನೆಯಲ್ಲಿ ಅವಳು ಹೊಡೆತ ತಿಂದಿದ್ದಾಳೆ. ಎಡಗೈ ಮಣಿಕಟ್ಟು ಇಂದಿಗೂ ಪೂರ್ತಿ ಮಡಚುವುದಿಲ್ಲ. ಆದರೂ ಮದುವೆಯ ಮನೆಗೆ ಅಳಿಯನನ್ನು ಕರೆಯದಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಹಿರಿಯರು ಪತ್ರಿಕೆ ಕೊಟ್ಟು ಬಂದರು. ಅದು ತಪ್ಪು ಎಂದು ನಾನು ಅಂದೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅವರು ಮಂಟಪದ ಬಾಗಿಲಲ್ಲಿ ನಿಂತಿದ್ದಾಗ ನಿಮ್ಮ ಜೊತೆಯ ಹುಡುಗ, ಪಾಪ, ಏನೂ ಗೊತ್ತಿಲ್ಲದೆ, “ಭಾವನವರು ಹೊರಗೇ ಇದ್ದಾರೆ, ಬನ್ನಿ ಸಾರ್” ಎಂದು ಕರೆದ. ಅವನ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. ದಯವಿಟ್ಟು ಅವನನ್ನು ಬೈಯಬೇಡಿ.

ಅವರು ಬಂದು ನಿಂತದ್ದು ಅಕ್ಕನ ಮಗಳು ಪುಟ್ಟಿಯ ಹಿಂದೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಪುಟ್ಟಿಯ ಹಸಿರು ರೇಷ್ಮೆ ಲಂಗದ ರವಿಕೆಯ ಮೇಲೆ, ಬಲ ಭುಜದಲ್ಲಿ, ಉಂಗುರ ಹಾಕಿದ ನಾಲ್ಕು ಬೆರಳುಗಳು ಕಾಣುತ್ತವೆ. ಇನ್ನೊಂದು ತುದಿಯಲ್ಲಿ ನಿಂತಿರುವ ಅಕ್ಕ ಕ್ಯಾಮೆರಾ ನೋಡುತ್ತಿಲ್ಲ, ಆ ಬೆರಳುಗಳನ್ನು ನೋಡುತ್ತಿದ್ದಾಳೆ. ಒಮ್ಮೆ ಇದು ಕಣ್ಣಿಗೆ ಬಿದ್ದ ಮೇಲೆ ನನಗೆ ಆ ಫೋಟೋದಲ್ಲಿ ಬೇರೇನೂ ಕಾಣುತ್ತಿಲ್ಲ.

ಹಾಗಿದ್ದರೆ ಆ ಫೋಟೋ ಬಿಟ್ಟು ಬೇರೆ ಹಾಕಿಸಿ ಎಂದು ನೀವು ಹೇಳಬಹುದು. ಅದು ಸಾಧ್ಯವಿಲ್ಲ. ಬಲತುದಿಯಲ್ಲಿರುವವರು ಮುಂಬೈಯ ದೊಡ್ಡಪ್ಪ ಮತ್ತು ದೊಡ್ಡಮ್ಮ. ಅಜ್ಜಿಯ ಮೂವರು ಮಕ್ಕಳೂ ಒಟ್ಟಿಗೆ ನಿಂತು ಒಂಬತ್ತು ವರ್ಷವಾಗಿತ್ತು. ಅಂದು ಸಂಜೆಯೇ ಅವರು ರೈಲು ಹಿಡಿಯಲು ಹೊರಟರು. ಅಜ್ಜಿಗೆ ಎಂಬತ್ತಾರು. ನಡುಮನೆಯಲ್ಲಿ ಅಪ್ಪ ಅಮ್ಮನ ಮದುವೆಯ ಫೋಟೋದ ಪಕ್ಕದ ಜಾಗವನ್ನು ಈ ಫೋಟೋಗಾಗಿಯೇ ಖಾಲಿ ಮಾಡಿಸಿದ್ದಾರೆ. ಅಕ್ಕ ದಿನಕ್ಕೆ ಇಪ್ಪತ್ತು ಸಲ ದಾಟುವ ಜಾಗ ಅದು.

ಬಲಗಡೆಯಿಂದ ಸುಮ್ಮನೆ ಕತ್ತರಿಸಿದರೆ ದೊಡ್ಡಪ್ಪ ದೊಡ್ಡಮ್ಮನೂ ಹೋಗುತ್ತಾರೆ. ಆದ್ದರಿಂದ ಬರೀ ಕತ್ತರಿಸುವುದರಿಂದ ಆಗುವುದಿಲ್ಲ ಎಂಬುದು ನನಗೂ ತಿಳಿಯುತ್ತದೆ. DSC_4119 ನೋಡಿ. ಅದು ಅಕ್ಕನ ಗಂಡ ವೇದಿಕೆ ಹತ್ತುವ ಮೊದಲು ತೆಗೆದದ್ದು. ದೊಡ್ಡಪ್ಪ ಇನ್ನೂ ಬಂದಿಲ್ಲ, ಅಜ್ಜಿ ಕಣ್ಣು ಮುಚ್ಚಿದ್ದಾರೆ, ಹಾಗಾಗಿ ಅದು ಇಡಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಪುಟ್ಟಿ ಅದೇ ಜಾಗದಲ್ಲಿ ನಿಂತಿದ್ದಾಳೆ, ಅವಳ ಭುಜ ಪೂರ್ತಿ ಕಾಣುತ್ತದೆ, ಹಿಂದಿನ ಸೇವಂತಿಗೆಯ ಅಲಂಕಾರವೂ ಕಾಣುತ್ತದೆ. ನೀವು ಆಗ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟಿದ್ದಿರಿ, ಬೆಳಕೂ ಅದೇ. ಅದರಿಂದ ಭುಜ ಮತ್ತು ಹೂವಿನ ಭಾಗವನ್ನು 4127ಕ್ಕೆ ತಂದು, ದೊಡ್ಡಪ್ಪ ದೊಡ್ಡಮ್ಮನನ್ನು ಸ್ವಲ್ಪ ಒಳಕ್ಕೆ ಸರಿಸಿದರೆ ನಡುವೆ ಬೋಳು ಜಾಗ ಉಳಿಯುವುದಿಲ್ಲ ಎಂದು ನನ್ನ ಯೋಚನೆ. ನೆಲದ ಮೇಲೆ ಬಿದ್ದಿರುವ ಅಕ್ಕನ ಗಂಡನ ನೆರಳನ್ನೂ ತೆಗೆಯಲು ಮರೆಯಬೇಡಿ. ಕೈ ಹೋಗಿ ನೆರಳು ಉಳಿದರೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ನಿಮಗೆ ಗೊತ್ತಿದ್ದರೆ ಹಾಗೆಯೇ ಮಾಡಿ. ಅಕ್ಕನ ಮುಖವನ್ನು ಮಾತ್ರ ಬದಲಿಸಬೇಡಿ. ಬೇರೆ ಫೋಟೋದಿಂದ ನಗುವ ಮುಖ ತಂದು ಅಂಟಿಸುವುದು ಬೇಡ. ಅವಳು ಅಂದು ಹೇಗಿದ್ದಳೋ ಹಾಗೆಯೇ ಇರಲಿ.

ಇನ್ನೊಂದು ಮುಖ್ಯವಾದ ಮಾತು. ಮೂಲ ಫೋಟೋವನ್ನು ಅಳಿಸಬೇಡಿ, ಅದರ ಮೇಲೆಯೇ ತಿದ್ದಿ ಉಳಿಸಬೇಡಿ. ಭಾನುವಾರ ಟಿವಿಯಲ್ಲಿ ಆ ಫೋಟೋ ಬಂದಾಗ ಪುಟ್ಟಿ ಓಡಿಹೋಗಿ ಅವರ ಮುಖದ ಮೇಲೆ ಅಂಗೈ ಇಟ್ಟು “ಅಪ್ಪ” ಎಂದಳು. ಯಾರೂ ಮಾತಾಡಲಿಲ್ಲ. ಅಕ್ಕ, ಒಲೆಯ ಮುಂದೆ ಒಣಗಲು ಹಾಕಿದ್ದ ಬಟ್ಟೆ ಮಗುಚಿ ಹಾಕುತ್ತೇನೆಂದು ಬಚ್ಚಲಮನೆಯ ಕಡೆ ಎದ್ದುಹೋದಳು. ರಾತ್ರಿ ನನ್ನೊಬ್ಬಳಿಗೇ ಹೇಳಿದಳು: “ಗೋಡೆಯ ಮೇಲೆ ಬೇಡ ಅಷ್ಟೆ. ಅವಳು ಮುಂದೆ ಕೇಳಿದರೆ ತೋರಿಸಲು ಒಂದು ಎಲ್ಲಾದರೂ ಇರಲಿ.” ನಾನೂ ಅಕ್ಕನ ಮಾತನ್ನೇ ಒಪ್ಪುತ್ತೇನೆ. ಆ ಮನುಷ್ಯ ನಮ್ಮ ಮದುವೆಗೆ ಬರಲೇ ಇಲ್ಲ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಹೊಸ ಪ್ರತಿಗೆ ಬೇರೆ ಹೆಸರು ಕೊಟ್ಟು ಕಳುಹಿಸಿ. ಮೂಲವನ್ನು ಬೇರೊಂದು ಪೆನ್ ಡ್ರೈವ್‌ಗೆ ಹಾಕಿ ನನ್ನ ಕೈಗೇ ಕೊಡಿ.

ಊಟದ ಪಂಕ್ತಿಯ ಎರಡು ಫೋಟೋಗಳಲ್ಲಿಯೂ ಅವರಿದ್ದಾರೆ. ಅವುಗಳನ್ನು ತಿದ್ದುವುದು ಬೇಡ, ಆಲ್ಬಮ್‌ಗೆ ಆಯ್ದುಕೊಳ್ಳದಿದ್ದರೆ ಸಾಕು. ಆಲ್ಬಮ್ ಅಚ್ಚಿಗೆ ಹೋಗಿದ್ದರೆ ದಯವಿಟ್ಟು ತಡೆಯಿರಿ. ನಮ್ಮದು ಮತ್ತು ಮಾವನವರ ಮನೆಯದು, ಎರಡರಲ್ಲಿಯೂ ಹೊಸ ಪ್ರತಿಯೇ ಬರಲಿ. ನನ್ನ ಮನೆಯವರಿಗೆ ಎಲ್ಲವೂ ಗೊತ್ತಿದೆ, ಒಪ್ಪಿದ್ದಾರೆ.

ಗೋಡೆಯ ಪ್ರತಿಗೆ ಮೊದಲು 20x30 ಇಂಚು ಎಂದು ಮಾತಾಗಿತ್ತು. ಜನ ಒಳಕ್ಕೆ ಸರಿದು ಅಗಲ ಕಡಿಮೆಯಾಗುವುದರಿಂದ 16x20 ಸರಿಹೋಗಬಹುದೇ? ಅಜ್ಜಿಯ ಪಾದ ಮತ್ತು ಹಿಂದಿನವರ ತಲೆ ಕತ್ತರಿಸಿ ಹೋಗದಿದ್ದರೆ ಅಳತೆ ನಿಮ್ಮ ಇಷ್ಟ. ಚೌಕಟ್ಟಿನಲ್ಲಿ ಗಾಜಿಗೂ ಫೋಟೋಗೂ ನಡುವೆ ಸಂದು ಬಿಡಿಸಿ. ಮಳೆಗಾಲದ ತೇವಕ್ಕೆ ಅಪ್ಪ ಅಮ್ಮನ ಫೋಟೋ ಗಾಜಿಗೆ ಅಂಟಿಕೊಂಡು, ಅಮ್ಮನ ಸೀರೆಯ ಅಂಚಿನ ಮೇಲೆ ಬೂಷ್ಟು ಹಿಡಿದಿದೆ. ಇದಕ್ಕೂ ಹಾಗಾಗುವುದು ಬೇಡ.

ಈ ಕೆಲಸ ನಮ್ಮ ಮಾತುಕತೆಯಲ್ಲಿ ಇರಲಿಲ್ಲ. ಬಾಕಿ ಹದಿನೈದು ಸಾವಿರದ ಜೊತೆಗೆ ಇದರ ಖರ್ಚು ಎಷ್ಟೆಂದು ತಿಳಿಸಿ, ಚೌಕಾಸಿ ಮಾಡುವುದಿಲ್ಲ. ಒಂದೇ ಒಂದು ಕೋರಿಕೆ: ಈ ವಿಷಯ ನಿಮ್ಮಲ್ಲೇ ಇರಲಿ. ಹಳೆಯದಾಗಲಿ ಹೊಸದಾಗಲಿ, ಈ ಫೋಟೋವನ್ನು ಸ್ಟುಡಿಯೋದ ಗಾಜಿನಲ್ಲಿಯೂ ಇನ್‌ಸ್ಟಾಗ್ರಾಮ್‌ನಲ್ಲಿಯೂ ಹಾಕಬೇಡಿ. ಅವರ ಕಡೆಯವರೂ ನಿಮ್ಮಲ್ಲಿಗೆ ಬರುವವರೇ. ವಿಚ್ಛೇದನದ ಪ್ರಕರಣ ನ್ಯಾಯಾಲಯದಲ್ಲಿದೆ, ಇದರಿಂದ ಅಕ್ಕನಿಗೆ ಹೊಸ ತಲೆನೋವು ಬರಬಾರದು.

ಅಚ್ಚು ಹಾಕಿಸುವ ಮೊದಲು ಒಂದು ಮಾದರಿಯನ್ನು ಈ ಇಮೇಲ್‌ಗೇ ಕಳುಹಿಸಿ. ಅಪ್ಪನ ವಾಟ್ಸ್‌ಆ್ಯಪ್‌ಗೆ ಬೇಡ, ಆ ಮೊಬೈಲಿನಲ್ಲಿ ಪುಟ್ಟಿ ಆಡುತ್ತಿರುತ್ತಾಳೆ. ಮುಂದಿನ ಶನಿವಾರ ಬೇಲೂರಿನ ಮೇಲೆ ಆಲ್ದೂರಿಗೆ ಹೋಗುವಾಗ ಚಿಕ್ಕಮಗಳೂರಿನಲ್ಲಿ ಇಳಿದು, ಹನ್ನೊಂದರ ಹೊತ್ತಿಗೆ ಸ್ಟುಡಿಯೋಗೆ ಬರುತ್ತೇನೆ. ಅಷ್ಟರೊಳಗೆ ಮಾದರಿ ಸಿದ್ಧವಾದರೆ ಅಲ್ಲಿಯೇ ಕುಳಿತು ನೋಡಿ ಹೇಳುತ್ತೇನೆ.

ಇಂತಿ,
ಸಿಂಧು
ಹಾಸನ